ಡ್ರಾಯಿಂಗಿನ ವೆಲ್ಡಿಂಗ್ ಗುರುತು ಮತ್ತು ಫಿನಿಶಿಂಗ್ ಗುರುತು: ಒಂದು ಬೇರಿಂಗ್ ಪೀಠವನ್ನು ಮುಂದಿಟ್ಟುಕೊಂಡು

ಮಾಚೇನಹಳ್ಳಿಯ ಶೆಡ್ಡುಗಳಿಂದಲೂ ಭದ್ರಾವತಿ, ಸಾಗರದ ಕಡೆಯಿಂದಲೂ ಓದುಗರು ಬರೆದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಡ್ರಾಯಿಂಗಿನಲ್ಲಿ ಬಾಣದ ಗೆರೆಯ ಮೇಲೆ ಒಂದು ಪುಟ್ಟ ತ್ರಿಕೋನವಿದೆ, ವೆಲ್ಡಿಂಗನ್ನು ಈಚೆ ಕಡೆ ಮಾಡಬೇಕೋ ಆಚೆ ಕಡೆ ಮಾಡಬೇಕೋ ಎಂಬುದು ಮೊದಲ ಪ್ರಶ್ನೆ. ವೆಲ್ಡಿಂಗ್ ಆದ ಮೇಲೆ ಮಷೀನ್‌ಶಾಪಿನವರು ‘ಮುಖದಲ್ಲಿ ಕಪ್ಪು ಉಳಿದಿದೆ, ತೆಗೆಯಲು ಮಾಲಿಲ್ಲ’ ಎಂದು ಕೆಲಸವನ್ನು ವಾಪಸು ಕಳಿಸುವುದು ಏಕೆ ಎಂಬುದು ಎರಡನೆಯದು. ಇವೆರಡನ್ನೂ ಒಟ್ಟಿಗೆ ವಿವರಿಸುವುದೇ ಸರಿ, ಏಕೆಂದರೆ ಒಂದೇ ಹಾಳೆಯಲ್ಲಿರುವ ವೆಲ್ಡಿಂಗ್ ಗುರುತನ್ನು ವೆಲ್ಡರ್ ಮಾತ್ರ ನೋಡುತ್ತಾರೆ, ಫಿನಿಶಿಂಗ್ ಗುರುತನ್ನು ಮಷೀನಿನವರು ಮಾತ್ರ ನೋಡುತ್ತಾರೆ, ಪ್ಲೇಟು ಕತ್ತರಿಸುವವರು ಎರಡನ್ನೂ ನೋಡುವುದಿಲ್ಲ.

ಉದಾಹರಣೆಗೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಅಡಿಕೆ ಸುಲಿಯುವ ಯಂತ್ರದ ಒಂದು ಬೇರಿಂಗ್ ಪೀಠವನ್ನು ತೆಗೆದುಕೊಳ್ಳೋಣ. ಕೆಳಗೆ 300 × 150 ಮಿ.ಮೀ. ಅಳತೆಯ ಬುಡದ ಪ್ಲೇಟು, ಅದರ ನಡುವೆ ನಿಂತಿರುವ 200 ಮಿ.ಮೀ. ಅಗಲ, 12 ಮಿ.ಮೀ. ದಪ್ಪದ ನಿಲುವು ಪ್ಲೇಟು, ಅದರ ತಲೆಯ ಮೇಲೆ ಬೇರಿಂಗನ್ನು ಹಿಡಿದಿಡುವ ಪ್ಲಮರ್ ಬ್ಲಾಕ್ ಕೂರುವ ಪ್ಯಾಡ್, ನಿಲುವಿನ ಮುಂದೆ ಒಂದು, ಹಿಂದೆ ಒಂದು, 8 ಮಿ.ಮೀ. ದಪ್ಪದ ತ್ರಿಕೋನ ಗಸೆಟ್, ಅಂದರೆ ಒತ್ತುಪಟ್ಟಿ. ಬುಡದ ತಳದಿಂದ ಪ್ಯಾಡಿನ ಮೇಲ್ಮುಖದವರೆಗೆ ಕೆಲಸ ಮುಗಿದಾಗ 250 ಮಿ.ಮೀ. ಎತ್ತರವಿರಬೇಕು. ಕೈಯಲ್ಲಿ ಒಂದು ಸ್ಕೇಲು, ಫಿಲೆಟ್ ಗೇಜು, ಕೆಂಪು ಪೆನ್ಸಿಲು ಮತ್ತು ಡ್ರಾಯಿಂಗಿನ ಒಂದು ಪ್ರತಿ ಇದ್ದರೆ ಸಾಕು.

1. ಮೊದಲು ಗುರುತು ಯಾವ ಪದ್ಧತಿಯದೆಂದು ನೋಡಿ

ಡ್ರಾಯಿಂಗಿನ ಬಲ ಕೆಳಮೂಲೆಯಲ್ಲಿ ಹೆಸರು, ಸಂಖ್ಯೆ, ಸ್ಕೇಲು ಬರೆದಿರುವ ಚೌಕವಿರುತ್ತದೆ. ವೆಲ್ಡಿಂಗ್ ಗುರುತು ಐಎಸ್‌ಒ 2553ರ ಪ್ರಕಾರವೋ ಅಮೆರಿಕದ ಎಡಬ್ಲ್ಯುಎಸ್ ಎ2.4ರ ಪ್ರಕಾರವೋ ಎಂಬುದನ್ನು ಆ ಚೌಕದಲ್ಲಿ ಅಥವಾ ಅದರ ಮೇಲಿನ ಟಿಪ್ಪಣಿಗಳಲ್ಲಿ ಹುಡುಕಿ. ಇದು ಬರಿಯ ಔಪಚಾರಿಕತೆಯಲ್ಲ. ಗೆರೆಯ ಮೇಲೆ ಕೂತ ಒಂದೇ ತ್ರಿಕೋನಕ್ಕೆ ಈ ಎರಡು ಪದ್ಧತಿಗಳಲ್ಲಿ ತದ್ವಿರುದ್ಧ ಅರ್ಥವಿದೆ.

ಎಡಬ್ಲ್ಯುಎಸ್ ಪದ್ಧತಿಯಲ್ಲಿ ಅಡ್ಡಗೆರೆ ಒಂದೇ. ಗೆರೆಯ ಕೆಳಗಿನ ಗುರುತು ಬಾಣ ಮುಟ್ಟಿದ ಕಡೆಯ ವೆಲ್ಡಿಂಗಿಗೆ, ಗೆರೆಯ ಮೇಲಿನ ಗುರುತು ಆಚೆ ಕಡೆಯ ವೆಲ್ಡಿಂಗಿಗೆ. ಐಎಸ್‌ಒ 2553ರ ‘ಎ’ ಪದ್ಧತಿಯಲ್ಲಿ ಅಡ್ಡಗೆರೆಯ ಪಕ್ಕದಲ್ಲೇ ತುಂಡುಗೆರೆಯೊಂದು ಇರುತ್ತದೆ. ಅಲ್ಲಿ ಮೇಲೆ, ಕೆಳಗೆ ಎಂಬುದು ಲೆಕ್ಕಕ್ಕಿಲ್ಲ. ಗುರುತು ಪೂರ್ಣ ಗೆರೆಗೆ ಅಂಟಿದ್ದರೆ ಬಾಣದ ಕಡೆ, ತುಂಡುಗೆರೆಗೆ ಅಂಟಿದ್ದರೆ ಆಚೆ ಕಡೆ.

```
ಐಎಸ್‌ಒ, ಪದ್ಧತಿ ಎ        ಎಡಬ್ಲ್ಯುಎಸ್
  z6 ◺                  
 ─────────────          ─────────────
 - - - - - - -             6 ◸
```

ಮೇಲಿನ ಎರಡೂ ಚಿತ್ರಗಳು ಬಾಣದ ಕಡೆಗೆ 6 ಮಿ.ಮೀ. ಫಿಲೆಟ್ ಎಂದೇ ಹೇಳುತ್ತವೆ. ಫಿಲೆಟ್ ಎಂದರೆ ಎರಡು ಪ್ಲೇಟು ಕೂಡುವ ಮೂಲೆಗೆ ತುಂಬುವ ತ್ರಿಕೋನಾಕಾರದ ವೆಲ್ಡಿಂಗ್. ಐಎಸ್‌ಒದಲ್ಲೇ ತುಂಡುಗೆರೆ ಇಲ್ಲದ ‘ಬಿ’ ಎಂಬ ಪದ್ಧತಿಯೂ ಇದ್ದು, ಅದು ಕಡೆಯ ವಿಷಯದಲ್ಲಿ ಅಮೆರಿಕದ ಕ್ರಮವನ್ನೇ ಅನುಸರಿಸುತ್ತದೆ. ಆದ್ದರಿಂದ ತುಂಡುಗೆರೆ ಕಾಣದಿದ್ದಾಗ ಬರೆದವರು ಮರೆತರೋ ಬೇಕೆಂದೇ ಬಿಟ್ಟರೋ ಎಂದು ಊಹಿಸಬೇಡಿ, ಫೋನ್ ಮಾಡಿ ಕೇಳಿ. ಎರಡೂ ಕಡೆ ಒಂದೇ ಅಳತೆಯ ವೆಲ್ಡಿಂಗ್ ಇರುವ ಕಡೆ ಮಾತ್ರ ‘ಎ’ ಪದ್ಧತಿಯಲ್ಲೂ ತುಂಡುಗೆರೆಯನ್ನು ಬಿಡುತ್ತಾರೆ. ಅಲ್ಲಿ ಗೊಂದಲಕ್ಕೆ ಆಸ್ಪದವಿಲ್ಲ.

ಕಂಪ್ಯೂಟರಿನಲ್ಲಿ ಡ್ರಾಯಿಂಗ್ ಮಾಡುವವರಿಗೊಂದು ಎಚ್ಚರಿಕೆ. ಬೇರೆ ಕಡೆಯಿಂದ ತಂದ ಹಳೆಯ ಟೆಂಪ್ಲೇಟಿನಲ್ಲಿ ಪದ್ಧತಿಯ ಆಯ್ಕೆ ಅಮೆರಿಕದ್ದಾಗಿ ಉಳಿದಿದ್ದು, ಕೆಳಗಿನ ಟಿಪ್ಪಣಿಯಲ್ಲಿ ಮಾತ್ರ ಐಎಸ್‌ಒ ಎಂದು ಬರೆದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಹೊಸ ಹಾಳೆ ತೆರೆದಾಗ ಒಂದು ಗುರುತನ್ನು ಹಾಕಿ, ತುಂಡುಗೆರೆ ಬಂತೇ ಎಂದು ನೋಡಿಕೊಂಡು ಮುಂದುವರಿಯಿರಿ.

2. ಬಾಣ ಯಾವ ಕೂಡುಜಾಗಕ್ಕೆ ಸೇರಿದ್ದೆಂದು ಗೊತ್ತುಮಾಡಿ

ಪದ್ಧತಿ ಗೊತ್ತಾದ ಮೇಲೂ ಹೆಚ್ಚಿನವರು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ‘ಆಚೆ ಕಡೆ’ ಎಂದರೆ ಇಡೀ ಪೀಠದ ಹಿಂಭಾಗವಲ್ಲ. ಬಾಣ ತೋರಿಸಿದ ಆ ಒಂದು ಕೂಡುಜಾಗದ ಮತ್ತೊಂದು ಮಗ್ಗುಲು ಮಾತ್ರ.

ನಮ್ಮ ಪೀಠದಲ್ಲಿ ಮುಂದಿನ ಗಸೆಟ್ಟು ನಿಲುವಿಗೆ ಕೂಡುವ ಜಾಗಕ್ಕೆ ಬಾಣ ಹಾಕಿ, ಗೆರೆಯ ಎರಡೂ ಬದಿಗೆ z5 ಫಿಲೆಟ್ ತೋರಿಸಿದ್ದಾರೆ ಎಂದುಕೊಳ್ಳಿ. ಗಸೆಟ್ಟಿನ ಎಡಮಗ್ಗುಲಿಗೆ ಒಂದು ಮತ್ತು ಬಲಮಗ್ಗುಲಿಗೆ ಒಂದು ವೆಲ್ಡಿಂಗ್ ಹಾಕಿ ಎಂಬುದಷ್ಟೇ ಅದರ ಅರ್ಥ. ನಿಲುವಿನ ಹಿಂದಿರುವ ಇನ್ನೊಂದು ಗಸೆಟ್ಟಿನ ಬಗ್ಗೆ ಆ ಗುರುತು ಏನನ್ನೂ ಹೇಳುವುದಿಲ್ಲ. ಅದು ಬೇರೆಯೇ ಕೂಡುಜಾಗ, ಅದಕ್ಕೆ ಅದರದೇ ಬಾಣ ಬೇಕು. ಆದರೆ ‘ಎರಡೂ ಕಡೆ’ ಎಂಬುದನ್ನು ‘ಮುಂದಿನ ಗಸೆಟ್ಟು, ಹಿಂದಿನ ಗಸೆಟ್ಟು’ ಎಂದು ಓದಿದವರು ಪ್ರತಿ ಗಸೆಟ್ಟಿಗೆ ಒಂದೇ ಮಗ್ಗುಲಲ್ಲಿ ವೆಲ್ಡಿಂಗ್ ಹಾಕಿ ಮುಗಿಸುತ್ತಾರೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಯಂತ್ರ ಅದುರುತ್ತಾ ಓಡಿದಾಗ ವೆಲ್ಡಿಂಗ್ ಇಲ್ಲದ ಮಗ್ಗುಲಿನಿಂದ ಬೇರು, ಅಂದರೆ ಪ್ಲೇಟುಗಳು ಕೂಡುವಲ್ಲಿ ವೆಲ್ಡಿಂಗಿನ ಒಳಮೂಲೆ, ಬಾಯಿಬಿಡಲು ಶುರುವಾಗುತ್ತದೆ.

ಓದುವಾಗ ಹೀಗೆ ಮಾಡಿ: ಪ್ರತಿ ಬಾಣದ ತುದಿಯ ಬಳಿ, ಅದು ಯಾವ ಎರಡು ಪ್ಲೇಟುಗಳನ್ನು ಕೂಡಿಸುತ್ತದೆಂದು ಕೆಂಪು ಪೆನ್ಸಿಲಿನಲ್ಲಿ ಬರೆಯಿರಿ. ‘ನಿಲುವು–ಬುಡ’, ‘ನಿಲುವು–ಪ್ಯಾಡ್’, ‘ಮುಂದಿನ ಗಸೆಟ್–ನಿಲುವು’, ‘ಮುಂದಿನ ಗಸೆಟ್–ಬುಡ’, ಹಿಂದಿನದಕ್ಕೂ ಇವೇ ಎರಡು. ನಮ್ಮ ಪೀಠದಲ್ಲಿ ಒಟ್ಟು ಆರು ಕೂಡುಜಾಗಗಳಿವೆ. ಪಟ್ಟಿಯಲ್ಲಿ ಆರಕ್ಕೂ ಗುರುತು ಸಿಗದಿದ್ದರೆ ಡ್ರಾಯಿಂಗು ಅಪೂರ್ಣವಾಗಿದೆ ಎಂದರ್ಥ.

3. ಅಳತೆಯ ಮುಂದಿನ ಅಕ್ಷರವನ್ನು ಓದಿ

ಅಳತೆ ಗುರುತಿನ ಎಡಕ್ಕಿರುತ್ತದೆ. z ಎಂದಿದ್ದರೆ ಅದು ಕಾಲಿನ ಅಳತೆ, ಅಂದರೆ ಮೂಲೆಯಿಂದ ಪ್ಲೇಟಿನ ಮೇಲೆ ವೆಲ್ಡಿಂಗ್ ಚಾಚಿರುವ ದೂರ. a ಎಂದಿದ್ದರೆ ಅದು ಕತ್ತಿನ ಅಳತೆ, ಅಂದರೆ ಬೇರಿನಿಂದ ವೆಲ್ಡಿಂಗಿನ ಮುಖಕ್ಕೆ ಇರುವ ಕನಿಷ್ಠ ದೂರ. ಭಾರ ಹೊರುವುದು ಈ ಕತ್ತು. ಎರಡೂ ಕಾಲು ಸಮವಾಗಿರುವ ಫಿಲೆಟ್ಟಿನಲ್ಲಿ ಲೆಕ್ಕ ಹೀಗಿದೆ:

```
a = 0.7 × z
z6  →  a 4.2
a6  →  z 8.5
```

a6 ಎಂದು ಬರೆದಿರುವಲ್ಲಿ ಅಕ್ಷರವನ್ನು ಗಮನಿಸದೆ 6 ಮಿ.ಮೀ. ಕಾಲು ಹಾಕಿದರೆ ಕತ್ತು 6ರ ಬದಲು 4.2ಕ್ಕೆ ಇಳಿಯುತ್ತದೆ, ನೂರಕ್ಕೆ 30ರಷ್ಟು ಕೊರತೆ. ಎಡಬ್ಲ್ಯುಎಸ್ ಡ್ರಾಯಿಂಗಿನಲ್ಲಿ ಅಕ್ಷರವೇ ಇರುವುದಿಲ್ಲ, ಅಲ್ಲಿ ಫಿಲೆಟ್ಟಿನ ಅಂಕಿ ಕಾಲಿನ ಅಳತೆಯೇ. ಐಎಸ್‌ಒ ಡ್ರಾಯಿಂಗಿನಲ್ಲಿ ಬರಿಯ ‘6’ ಎಂದಿದ್ದರೆ ಮಾತ್ರ ಕೇಳಿಯೇ ಮುಂದುವರಿಯಬೇಕು.

‘ಇರಲಿ, ಗಟ್ಟಿಯಾಗುತ್ತದೆ’ ಎಂದು ದಪ್ಪ ಹಾಕುವುದೂ ತಪ್ಪೇ. ಫಿಲೆಟ್ಟಿಗೆ ಬೇಕಾಗುವ ಲೋಹ ಕಾಲಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 6 ಮಿ.ಮೀ. ಕಾಲಿಗೆ ಅಡ್ಡಕೊಯ್ತದಲ್ಲಿ 18 ಚದರ ಮಿ.ಮೀ. ಲೋಹ ಸಾಕು, 8 ಮಿ.ಮೀ. ಕಾಲಿಗೆ 32 ಬೇಕು. ರಾಡು ಮುಕ್ಕಾಲು ಪಾಲು ಹೆಚ್ಚು ಖರ್ಚಾಗುವುದಲ್ಲದೆ ಆ ಶಾಖಕ್ಕೆ ಬುಡದ ಪ್ಲೇಟು ಇನ್ನಷ್ಟು ಬಾಗುತ್ತದೆ. ಅದು ನಮಗೆ ಆರನೆಯ ಹಂತದಲ್ಲಿ ಕಾಡುತ್ತದೆ.

ಡ್ರಾಯಿಂಗ್ ಮಾಡುವವರು ನೀವೇ ಆಗಿದ್ದರೆ ಕನಿಷ್ಠ ಅಳತೆಗೆ ಉಕ್ಕಿನ ಕಟ್ಟಡಗಳ ಭಾರತೀಯ ಮಾನಕವಾದ ಐಎಸ್ 800 ಆಧಾರವಾಗುತ್ತದೆ. ಕೂಡುವ ಎರಡು ಪ್ಲೇಟುಗಳಲ್ಲಿ ದಪ್ಪನೆಯದು 10 ಮಿ.ಮೀ.ವರೆಗೆ ಇದ್ದರೆ ಕಾಲು ಕನಿಷ್ಠ 3, 20ರವರೆಗೆ 5, 32ರವರೆಗೆ 6 ಮಿ.ಮೀ. ನಮ್ಮ ಪ್ಯಾಡಿನ ಕಚ್ಚಾ ಪ್ಲೇಟು 25 ಮಿ.ಮೀ. ಆದ್ದರಿಂದ ನಿಲುವು–ಪ್ಯಾಡ್ ಕೂಡುವಲ್ಲಿ z6ಕ್ಕಿಂತ ಕಡಿಮೆ ಬರೆಯುವಂತಿಲ್ಲ. ಗಸೆಟ್ಟುಗಳಿಗೆ z5 ಸಾಕು.

4. ಸುತ್ತು, ಬಾವುಟ, ಬಾಲ ಮತ್ತು ಬಿಟ್ಟುಬಿಟ್ಟು ಹಾಕುವ ವೆಲ್ಡಿಂಗ್

ಬಾಣದ ಗೆರೆ ಮುರಿಯುವ ಮೂಲೆಯಲ್ಲಿ ಪುಟ್ಟ ವೃತ್ತವಿದ್ದರೆ ಸುತ್ತಲೂ ವೆಲ್ಡಿಂಗ್ ಎಂದರ್ಥ, ಬಾವುಟವಿದ್ದರೆ ಯಂತ್ರ ನಿಲ್ಲಿಸುವ ಜಾಗದಲ್ಲಿ ವೆಲ್ಡಿಂಗ್ ಎಂದರ್ಥ. ಅಡ್ಡಗೆರೆಯ ಕೊನೆಯಲ್ಲಿ ಕವಲೊಡೆದ ಬಾಲವಿದ್ದರೆ ಅದರೊಳಗೆ ವಿಧಾನದ ಸಂಖ್ಯೆ ಇರಬಹುದು: 111 ಎಂದರೆ ಕೈಯಲ್ಲಿ ರಾಡು ಹಿಡಿದು ಮಾಡುವ ಆರ್ಕ್ ವೆಲ್ಡಿಂಗ್, 135 ಎಂದರೆ ತಂತಿಯ ಮ್ಯಾಗ್ ವೆಲ್ಡಿಂಗ್, 141 ಎಂದರೆ ಟಿಗ್.

ನಮ್ಮ ಪೀಠದಲ್ಲಿ ಸುತ್ತಿನ ಗುರುತು ನಿಲುವು–ಪ್ಯಾಡ್ ಕೂಡುವಲ್ಲಿ ಮಾತ್ರ ಹೊಂದುತ್ತದೆ. ಅಲ್ಲಿ ವೆಲ್ಡಿಂಗು ನಿಲುವಿನ ನಾಲ್ಕು ಬದಿಗೂ ಒಂದೇ ಅಳತೆಯಲ್ಲಿ ಹೋಗಿ ಹೊರಟಲ್ಲಿಗೇ ಬಂದು ಸೇರುತ್ತದೆ. ಬುಡದ ಕಡೆ ಗಸೆಟ್ಟುಗಳು ಅಡ್ಡ ಬರುವುದರಿಂದ ಸುತ್ತಿನ ಗುರುತನ್ನು ಬಿಟ್ಟು, ಎರಡು ಕಡೆಯ z6 ಎಂದೇ ಬರೆಯುವುದು ಒಳ್ಳೆಯದು. ಗಸೆಟ್ಟಿನ ಒಳಮೂಲೆಯನ್ನು ಸುಮಾರು 15 ಮಿ.ಮೀ. ಕತ್ತರಿಸಿ ತೋರಿಸಲು ಮರೆಯಬೇಡಿ, ಇಲ್ಲವಾದರೆ ನಿಲುವು–ಬುಡದ ವೆಲ್ಡಿಂಗಿನ ಮೇಲೆ ಗಸೆಟ್ಟು ಏರಿ ಕೂತು, ಕೆಳಗೆ ಸಂದು ಬೀಳುತ್ತದೆ.

ಬಿಟ್ಟುಬಿಟ್ಟು ಹಾಕುವ ವೆಲ್ಡಿಂಗು ಈ ಪೀಠದಲ್ಲಿಲ್ಲ, ಅದೇ ಯಂತ್ರದ ಬೆಲ್ಟಿನ ಮುಚ್ಚಿಗೆಯಲ್ಲಿದೆ. ಐಎಸ್‌ಒದಲ್ಲಿ `z3 ◺ 3×50(100)` ಎಂದರೆ 50 ಮಿ.ಮೀ. ಉದ್ದದ ಮೂರು ತುಂಡು, ಒಂದು ತುಂಡು ಮುಗಿದಲ್ಲಿಂದ ಮುಂದಿನದು ಶುರುವಾಗುವವರೆಗೆ 100 ಮಿ.ಮೀ. ಖಾಲಿ ಜಾಗ, ಒಟ್ಟು 350 ಮಿ.ಮೀ. ಅಮೆರಿಕದ ಪದ್ಧತಿಯಲ್ಲಿ ಇದೇ ಕೆಲಸವನ್ನು 50-150 ಎಂದು ಬರೆಯುತ್ತಾರೆ, ಏಕೆಂದರೆ ಅಲ್ಲಿ ಎರಡನೆಯ ಅಂಕಿ ಖಾಲಿ ಜಾಗವಲ್ಲ, ಒಂದು ತುಂಡಿನ ನಡುವಿನಿಂದ ಮುಂದಿನ ತುಂಡಿನ ನಡುವಿಗೆ ಇರುವ ದೂರ.

5. ಫಿನಿಶಿಂಗ್ ಗುರುತನ್ನು ಓದಿ

ಈಗ ಮಷೀನಿನವರ ಗುರುತು. ಸರಿ ಚಿಹ್ನೆಯ ಹಾಗೆ ಒಂದು ತೋಳು ಗಿಡ್ಡ, ಒಂದು ತೋಳು ಉದ್ದವಾಗಿ ಮುಖದ ಮೇಲೆ ನಿಂತಿರುವುದೇ ಅದು. ಕವಲಿನ ಬಾಯಿಗೆ ಅಡ್ಡಗೆರೆ ಎಳೆದು ಮುಚ್ಚಿದ್ದರೆ ಆ ಮುಖವನ್ನು ಮಷೀನಿನಲ್ಲಿ ತೆಗೆಯಲೇಬೇಕು. ಕವಲಿನಲ್ಲಿ ವೃತ್ತವಿದ್ದರೆ ಅಲ್ಲಿ ಲೋಹ ತೆಗೆಯಲೇಬಾರದು, ಪ್ಲೇಟು ಬಂದ ಹಾಗೆಯೇ ಇರಬೇಕು. ಎರಡೂ ಇಲ್ಲದಿದ್ದರೆ ಯಾವ ವಿಧಾನವಾದರೂ ಆದೀತು.

ಐಎಸ್‌ಒ 1302ರ 2002ರ ಕ್ರಮದಲ್ಲಿ ಉದ್ದ ತೋಳಿನ ತುದಿಯಿಂದ ಎಳೆದ ಗೆರೆಯ ಕೆಳಗೆ Ra 3.2 ಎಂಬಂತೆ ಒರಟುತನದ ಮಿತಿ ಇರುತ್ತದೆ, ಗೆರೆಯ ಮೇಲೆ ಮಿಲ್ಲಿಂಗ್, ಗ್ರೈಂಡಿಂಗ್ ಎಂಬ ವಿಧಾನವಿರುತ್ತದೆ, ಗುರುತಿನ ಎಡಕ್ಕೆ ಮಷೀನಿಂಗಿಗೆ ಬಿಡಬೇಕಾದ ಹೆಚ್ಚುವರಿ ದಪ್ಪ ಮಿಲಿಮೀಟರಿನಲ್ಲಿರುತ್ತದೆ. 2021ರಲ್ಲಿ ಇದರ ಜಾಗಕ್ಕೆ ಐಎಸ್‌ಒ 21920-1 ಬಂದಿದೆಯಾದರೂ ನನ್ನ ಮೇಜಿಗೆ ಬರುವ ಡ್ರಾಯಿಂಗುಗಳಲ್ಲಿ ಹೆಚ್ಚಿನವು ಇನ್ನೂ ಹಳೆಯ ರೂಪದಲ್ಲೇ ಇವೆ. Ra ಎಂದರೆ ಮುಖದ ಸಣ್ಣ ಏರುತಗ್ಗುಗಳು ನಡುಗೆರೆಯಿಂದ ಸರಾಸರಿ ಎಷ್ಟು ದೂರ ಸರಿದಿವೆ ಎಂಬ ಅಳತೆ. ಅದು ಮೈಕ್ರಾನಿನಲ್ಲಿದೆ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಲ್ಲಿ. ಎಡಕ್ಕಿರುವ 3 ಎಂಬ ಮಿಲಿಮೀಟರಿನ ಅಂಕಿಯನ್ನೂ Ra 3.2 ಎಂಬ ಮೈಕ್ರಾನಿನ ಅಂಕಿಯನ್ನೂ ಕಲಸಬೇಡಿ.

ಇನ್ನೂ ಹಳೆಯ ಡ್ರಾಯಿಂಗುಗಳಲ್ಲಿ ತಲೆಕೆಳಗಾದ ತ್ರಿಕೋನಗಳಿರುತ್ತವೆ. ಒಂದು ತ್ರಿಕೋನಕ್ಕೆ Ra 8ರಿಂದ 25, ಎರಡಕ್ಕೆ 1.6ರಿಂದ 8, ಮೂರಕ್ಕೆ 0.025ರಿಂದ 1.6 ಎಂದು ನಮ್ಮ ಪಠ್ಯಗಳು ಕೊಡುತ್ತವೆ. ಎರಡು ತ್ರಿಕೋನದ ಹರವು ಎಷ್ಟು ದೊಡ್ಡದೆಂದರೆ 3.2 ಬೇಕೋ 6.3 ಸಾಕೋ ಎಂಬುದು ಅದರಿಂದ ತಿಳಿಯುವುದೇ ಇಲ್ಲ. ಹಳೆಯ ಡ್ರಾಯಿಂಗನ್ನು ನಕಲು ಮಾಡುವಾಗ ತ್ರಿಕೋನವನ್ನು ಹಾಗೆಯೇ ಇಳಿಸದೆ, ಆ ಮುಖದ ಮೇಲೆ ಏನು ಕೂರುತ್ತದೆಂದು ನೋಡಿ ಅಂಕಿಯನ್ನು ಬರೆಯಿರಿ.

ನಮ್ಮ ಪೀಠದಲ್ಲಿ ಪ್ಲಮರ್ ಬ್ಲಾಕ್ ಕೂರುವ ಪ್ಯಾಡಿನ ಮೇಲ್ಮುಖಕ್ಕೆ Ra 3.2, ಚಾನೆಲ್ ಚೌಕಟ್ಟಿನ ಮೇಲೆ ಕೂರುವ ಬುಡದ ತಳಕ್ಕೆ Ra 6.3, ಉಳಿದ ಎಲ್ಲ ಮುಖಗಳಿಗೆ ವೃತ್ತದ ಗುರುತು. ಬುಡದ ತಳಕ್ಕೆ Ra 0.8 ಬರೆದವರನ್ನೂ ನೋಡಿದ್ದೇನೆ. ಬಣ್ಣ ಬಳಿದ ಚಾನೆಲ್ಲಿನ ಮೇಲೆ ಕೂರುವ ತಳಕ್ಕೆ ಗ್ರೈಂಡಿಂಗ್ ಮಾಡಿಸಿದರೆ ಖರ್ಚು ಬಿಟ್ಟು ಬೇರೇನೂ ಸಿಗುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. Ra ಒರಟುತನವನ್ನು ಹೇಳುತ್ತದೆಯೇ ಹೊರತು ಸಮತಟ್ಟನ್ನು ಹೇಳುವುದಿಲ್ಲ. ಕೈಯಾಡಿಸಿದರೆ ನುಣುಪಾಗಿರುವ ಪ್ಯಾಡು ಅರ್ಧ ಮಿಲಿಮೀಟರ್ ಬಾಗಿರಲೂಬಹುದು, ಅದರ ಮೇಲೆ ಪ್ಲಮರ್ ಬ್ಲಾಕನ್ನು ಬಿಗಿದರೆ ಬೇರಿಂಗು ಬಿಸಿಯಾಗುತ್ತದೆ. ಸಮತಟ್ಟು ಬೇಕಿದ್ದರೆ ಅದರ ಮಿತಿಯನ್ನು ಬೇರೆ ಚೌಕದಲ್ಲಿ ಬರೆಯಬೇಕು.

6. ಎರಡು ಗುರುತುಗಳನ್ನೂ ಕತ್ತರಿಸುವ ಪಟ್ಟಿಗೆ ಇಳಿಸಿ

ಫಿನಿಶಿಂಗ್ ಗುರುತು ಇರುವ ಡ್ರಾಯಿಂಗಿನಲ್ಲಿ ಬರೆದ ಅಳತೆ ಕೆಲಸ ಮುಗಿದ ಮೇಲಿನ ಅಳತೆ. ಪ್ಲೇಟು ತರುವುದು ಅದಕ್ಕಿಂತ ದಪ್ಪನೆಯದನ್ನು. ಏಕೆಂದರೆ ಫಿಲೆಟ್ ತಣ್ಣಗಾಗುವಾಗ ಕುಗ್ಗಿ, ಬುಡದ ಪ್ಲೇಟಿನ ಎರಡು ಅಂಚನ್ನೂ ತನ್ನತ್ತ ಮೇಲಕ್ಕೆ ಎಳೆಯುತ್ತದೆ. ಸಮತಟ್ಟಾದ ಕಲ್ಲಿನ ಮೇಲಿಟ್ಟರೆ ಪೀಠ ದೋಣಿಯ ಹಾಗೆ ಆಡುತ್ತದೆ. ಪ್ಯಾಡಿನ ಅಂಚುಗಳೂ ಇದೇ ರೀತಿ ಕೆಳಕ್ಕೆ ಇಳಿಯುತ್ತವೆ. ಈ ಬಾಗು ಹೋಗುವಷ್ಟು ಲೋಹ ಮೇಲಿರಬೇಕು.

ಲೆಕ್ಕವನ್ನು ಹೀಗೆ ಮಾಡಿ:

```
           ಮುಗಿದಾಗ   ತೆಗೆಯುವುದು   ಕಚ್ಚಾ
ಪ್ಯಾಡ್        22          3          25
ನಿಲುವು       210          0         210
ಬುಡ          18          2          20
ಒಟ್ಟು        250          5         255
```

ಕೆಲವು ವರ್ಷಗಳ ಹಿಂದೆ ನನ್ನದೇ ಒಂದು ಡ್ರಾಯಿಂಗಿನಲ್ಲಿ ಪ್ಯಾಡಿನ ಫಿನಿಶಿಂಗ್ ಗುರುತನ್ನು ಹಾಕಿದ್ದೆ, ಎಡಕ್ಕೆ 3 ಎಂದು ಬರೆಯಲು ಮರೆತಿದ್ದೆ. ಕತ್ತರಿಸುವ ಪಟ್ಟಿಗೆ 22 ಎಂದೇ ಹೋಯಿತು, 22ರ ಪ್ಲೇಟೇ ಬಂತು. ಮಿಲ್ಲಿಂಗಿನಲ್ಲಿ ನಡುಭಾಗ ಬೆಳ್ಳಗಾಗುವ ಹೊತ್ತಿಗೆ ಅಂಚಿನಲ್ಲಿ ಕಪ್ಪು ಹಾಗೆಯೇ ಇತ್ತು, ಇನ್ನೂ ತೆಗೆಯೋಣವೆಂದರೆ ಎತ್ತರ 250ಕ್ಕಿಂತ ಕೆಳಗಿಳಿಯುತ್ತಿತ್ತು. ಎಂಟು ಪೀಠಗಳ ಪ್ಯಾಡುಗಳನ್ನು ಕತ್ತರಿಸಿ ತೆಗೆದು ಹೊಸದಾಗಿ ಹಾಕಿಸಬೇಕಾಯಿತು.

ಕೆಲಸದ ಕ್ರಮವನ್ನೂ ಟಿಪ್ಪಣಿಯಲ್ಲಿ ಬರೆಯಿರಿ: ಎಲ್ಲ ವೆಲ್ಡಿಂಗ್ ಮುಗಿದು ಪೂರ್ತಿ ತಣ್ಣಗಾದ ಮೇಲೆ ಮೊದಲು ಬುಡದ ತಳ, ಅದನ್ನೇ ಆಧಾರವಾಗಿಟ್ಟು ಪ್ಯಾಡಿನ ಮೇಲ್ಮುಖ, ಕೊನೆಗೆ ಬೋಲ್ಟಿನ ತೂತುಗಳು. ತೂತುಗಳನ್ನು ಮೊದಲೇ ಕೊರೆದರೆ ವೆಲ್ಡಿಂಗಿನ ಎಳೆತಕ್ಕೆ ಅವುಗಳ ನಡುವಿನ ಅಂತರ ಬದಲಾಗಿರುತ್ತದೆ.

7. ನಿಮ್ಮ ಡ್ರಾಯಿಂಗಿನಲ್ಲಿ ಗುರುತು ಇಡುವಾಗ

ಫಿನಿಶಿಂಗ್ ಗುರುತಿನ ಮೊನೆ ಲೋಹದ ಹೊರಗಿನಿಂದ ಮುಖವನ್ನು ಮುಟ್ಟಬೇಕು. ಪ್ಲೇಟಿನ ಒಳಗಿನಿಂದ ಮುಟ್ಟಿಸಿದರೆ, ತೆಳುವಾದ ಪ್ಲೇಟಿನಲ್ಲಿ ಅದು ಮೇಲ್ಮುಖಕ್ಕೋ ಕೆಳಮುಖಕ್ಕೋ ತಿಳಿಯದು. ಗುರುತು ಹಾಳೆಯ ಕೆಳಗಿನಿಂದ ಅಥವಾ ಬಲಗಡೆಯಿಂದ ಓದುವಂತಿರಬೇಕು. ಬುಡದ ತಳದಂತಹ ಮುಖಕ್ಕೆ ಗುರುತನ್ನು ತಲೆಕೆಳಗಾಗಿ ಬರೆಯದೆ, ಬಾಣವಿರುವ ಗೆರೆಯನ್ನು ಹೊರಗೆಳೆದು ಅದರ ಮೇಲೆ ನೆಟ್ಟಗೆ ಇಡಿ. ಒಂದು ಮುಖಕ್ಕೆ ಒಂದೇ ಸಲ, ಆ ಮುಖದ ಅಳತೆ ಇರುವ ನೋಟದಲ್ಲೇ. ಎರಡು ನೋಟದಲ್ಲಿ ಬರೆದರೆ ಮುಂದೊಂದು ದಿನ ತಿದ್ದುಪಡಿಯಾದಾಗ ಒಂದು ಬದಲಾಗಿ ಇನ್ನೊಂದು ಹಾಗೆಯೇ ಉಳಿಯುತ್ತದೆ.

ವೆಲ್ಡಿಂಗಿನ ಬಾಣವನ್ನು ಕೂಡುಜಾಗ ಗೆರೆಯಾಗಿ ಅಥವಾ ಮೂಲೆಯಾಗಿ ಸ್ಪಷ್ಟವಾಗಿ ಕಾಣುವ ನೋಟದಲ್ಲಿ ಇಡಿ. ತ್ರಿಕೋನದ ನೆಟ್ಟನೆಯ ಬದಿ ಯಾವಾಗಲೂ ಎಡಕ್ಕೇ ಇರಬೇಕು, ಪ್ಲೇಟು ಯಾವ ಕಡೆ ನಿಂತಿದ್ದರೂ ಸರಿ. ಚಿತ್ರಕ್ಕೆ ಹೊಂದಲಿ ಎಂದು ಅದನ್ನು ತಿರುಗಿಸುವುದು ಹೊಸಬರ ಸಾಮಾನ್ಯ ತಪ್ಪು. ಅಡ್ಡಗೆರೆಗಳು ಅಳತೆಯ ಗೆರೆಗಳನ್ನು ದಾಟದಂತೆ ಒಂದೇ ಬದಿಗೆ ಸಾಲಾಗಿ ಜೋಡಿಸಿ.

8. ಕಳಿಸುವ ಮುನ್ನ ಮತ್ತು ಬಂದ ಮೇಲೆ

ಕಳಿಸುವ ಮುನ್ನ ಎರಡನೆಯ ಹಂತದ ಆರು ಕೂಡುಜಾಗಗಳ ಪಟ್ಟಿಯನ್ನೂ ಆರನೆಯ ಹಂತದ ದಪ್ಪದ ಲೆಕ್ಕವನ್ನೂ ಡ್ರಾಯಿಂಗಿನ ಪಕ್ಕದಲ್ಲಿಟ್ಟು ಒಮ್ಮೆ ತಾಳೆ ನೋಡಿ. ವೆಲ್ಡಿಂಗ್ ಆಗಿ ಬಂದಾಗ ಫಿಲೆಟ್ ಗೇಜಿನಲ್ಲಿ ಕಾಲು, ಕತ್ತು ಎರಡನ್ನೂ ಅಳೆಯಿರಿ. ಕಾಲು 6 ಇದ್ದರೂ ಮುಖ ಒಳಕ್ಕೆ ತಗ್ಗಿದ್ದರೆ ಕತ್ತು 4.2ಕ್ಕಿಂತ ಕಡಿಮೆಯಾಗಿರುತ್ತದೆ. ಪ್ರತಿ ಗಸೆಟ್ಟಿನ ಎರಡೂ ಮಗ್ಗುಲಿಗೆ ಬೆರಳಾಡಿಸಿ. ಮಷೀನಿಂಗ್ ಮುಗಿದ ಮೇಲೆ ಪೀಠವನ್ನು ಸರ್ಫೇಸ್ ಪ್ಲೇಟಿನ ಮೇಲಿಟ್ಟು ತಳಕ್ಕೆ ಫೀಲರ್ ಗೇಜು ತೂರುತ್ತದೆಯೇ ಎಂದು ನೋಡಿ, Ra ಅನ್ನು ಒರಟುತನದ ಮಾದರಿ ಫಲಕದ ಜೊತೆ ಉಗುರಿನಿಂದ ಹೋಲಿಸಿ.

ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಟಿಪ್ಪಣಿ ಬೇಕಾಗುತ್ತದೆ. ಮಷೀನ್ ಆದ ಮುಖ ಎರಡೇ ದಿನದಲ್ಲಿ ಕೆಂಪಡರುತ್ತದೆ ಎಂದು ಶೆಡ್ಡಿನವರು ಪ್ಯಾಡಿಗೂ ಸೇರಿಸಿ ಬಣ್ಣ ಬಳಿದುಬಿಡುತ್ತಾರೆ, ಆಮೇಲೆ ಪ್ಲಮರ್ ಬ್ಲಾಕು ಬಣ್ಣದ ಪದರದ ಮೇಲೆ ಕೂತು ಕೆಲದಿನಗಳಲ್ಲಿ ಬೋಲ್ಟು ಸಡಿಲವಾಗುತ್ತದೆ. ‘Ra ಗುರುತಿರುವ ಮುಖಗಳಿಗೆ ಬಣ್ಣ ಬೇಡ, ತುಕ್ಕು ತಡೆಯುವ ಎಣ್ಣೆ ಮಾತ್ರ’ ಎಂದು ಹೆಸರಿನ ಚೌಕದ ಮೇಲೆಯೇ ಬರೆದುಬಿಡಿ.